ಫೋಟೊ ಕಳೆದುಹೋದ ಮನೆಯನ್ನು ಮಾತಿನಲ್ಲಿ ತೋರಿಸುವುದು

‘ಟೂ ಬಿಎಚ್‌ಕೆ, ಎರಡನೇ ಮಹಡಿ, ಪೂರ್ವಾಭಿಮುಖ, ಗಾಳಿ ಬೆಳಕು ಚೆನ್ನಾಗಿದೆ, ಸೆಮಿ ಫರ್ನಿಷ್ಡ್.’ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರೆಲ್ಲ ಈ ಸಾಲನ್ನು ನೂರಾರು ಸಲ ನೋಡಿರುತ್ತಾರೆ. ಜೊತೆಗೆ ಆರೇಳು ಫೋಟೊ ಇದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಸಾಲಿನ ಗೊಡವೆಗೆ ಯಾರೂ ಹೋಗುವುದಿಲ್ಲ. ಫೋಟೊ ಇಲ್ಲದ ದಿನ ಮಾತ್ರ ಆ ಸಾಲು ಎಷ್ಟು ಪೊಳ್ಳು ಎಂಬುದು ಗೊತ್ತಾಗುತ್ತದೆ.

ಫೋಟೊ ಕಳೆದುಹೋಗುವುದು ಅಪರೂಪವೇನಲ್ಲ. ಹಿಂದಿನ ಸಲ ಮನೆ ಖಾಲಿ ಇದ್ದಾಗ ತೆಗೆದ ಚಿತ್ರಗಳು ಹಳೆಯ ಫೋನಿನ ಜೊತೆಗೇ ಹೋಗಿರುತ್ತವೆ. ಜಾಗ ಸಾಲದೆಂದು ವಾಟ್ಸ್ಆ್ಯಪ್ ಖಾಲಿ ಮಾಡಿದಾಗ ಅಳಿಸಿಹೋಗಿರುತ್ತವೆ. ಹೊಸದಾಗಿ ತೆಗೆಯೋಣವೆಂದರೆ ಈಗಿನ ಬಾಡಿಗೆದಾರರು ಇನ್ನೂ ಮನೆಯಲ್ಲೇ ಇದ್ದಾರೆ. ಅವರ ಮಂಚ, ದೇವರ ಪಟ, ಒಣಹಾಕಿದ ಬಟ್ಟೆ ಎಲ್ಲ ಚಿತ್ರದಲ್ಲಿ ಬಂದರೆ ಅವರಿಗೆ ಮುಜುಗರ, ಬೇಡವೆನ್ನುವ ಹಕ್ಕೂ ಅವರಿಗಿದೆ. ಅತ್ತ ಮನೆ ಹುಡುಕುವವರು ಧಾರವಾಡದಲ್ಲೋ ಕಲಬುರಗಿಯಲ್ಲೋ ಕುಳಿತು, ರಾತ್ರಿ ಬಸ್ ಹತ್ತುವ ಮೊದಲು ಆ ಮನೆ ನೋಡಲು ಬರುವಷ್ಟು ಯೋಗ್ಯವೇ ಎಂದು ತೀರ್ಮಾನಿಸಬೇಕಾಗಿರುತ್ತದೆ.

ಅಂಥ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಿಜಯನಗರದ ಕಡೆಯ ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ರಸ್ತೆ, ನೆಲಮಹಡಿ ಸೇರಿ ಮೂರು ಅಂತಸ್ತು. ಬಾಡಿಗೆಗಿರುವುದು ಎಲ್ಲಕ್ಕಿಂತ ಮೇಲಿನದು. ಮನೆಯ ಒಡತಿ ಮೈಸೂರಿನಲ್ಲಿರುವ ನಿವೃತ್ತ ಶಿಕ್ಷಕಿ. ಅವರ ಬಳಿ ಫೋಟೊ ಒಂದೂ ಉಳಿದಿಲ್ಲ. ಈಗಿನ ಬಾಡಿಗೆದಾರರು ತಿಂಗಳ ಕೊನೆಗೆ ಬಿಡುತ್ತಾರೆ, ಒಂದು ದಿನ ಬಂದು ನೋಡಿಕೊಂಡು ಹೋಗಲು ಒಪ್ಪಿದ್ದಾರೆ. ಆ ಒಂದು ದಿನದಲ್ಲಿ ಅವರು ಏನನ್ನು ನೋಡಬೇಕು, ಏನನ್ನು ಬರೆದುಕೊಳ್ಳಬೇಕು?

ಮೊದಲು ಬೆಳಕು. ಯಾಕೆಂದರೆ ಫೋಟೊ ಇದ್ದಾಗಲೂ ಸರಿಯಾಗಿ ತಿಳಿಯದೇ ಹೋಗುವುದು ಅದೇ. ಇವತ್ತಿನ ಫೋನ್ ಕ್ಯಾಮೆರಾ ಕತ್ತಲ ಕೋಣೆಯನ್ನು ತಾನೇ ಬೆಳಗಿಸಿ ತೋರಿಸುತ್ತದೆ. ಇಡೀ ಕೋಣೆ ಚೌಕಟ್ಟಿನೊಳಗೆ ಬರಲೆಂದು 0.5 ಎಂಬ ಗುರುತು ಒತ್ತಿದರೆ ಹತ್ತಡಿ ಕೋಣೆ ಹದಿನಾಲ್ಕಡಿಯಂತೆ ಕಾಣುತ್ತದೆ. ಮಾತಿನಲ್ಲಿ ಸರಿಯಾಗಿ ಹೇಳಿದರೆ ಈ ವಿಷಯದಲ್ಲಿ ಫೋಟೊಗಿಂತ ಹೆಚ್ಚೇ ತಿಳಿಸಬಹುದು.

ಇಲ್ಲಿ ಮೊದಲು ದಾಟಬೇಕಾದ ಗೊಂದಲ ‘ಪೂರ್ವಾಭಿಮುಖ’ ಎಂಬುದರದು. ವಾಸ್ತು ನೋಡುವವರಿಗೆ ಅದು ಮುಂಬಾಗಿಲು ಯಾವ ದಿಕ್ಕಿಗಿದೆ ಎಂಬ ಮಾಹಿತಿ. ಅಪಾರ್ಟ್‌ಮೆಂಟುಗಳಲ್ಲಿ ಮುಂಬಾಗಿಲು ತೆರೆಯುವುದು ಸಾಮಾನ್ಯವಾಗಿ ಕಾರಿಡಾರಿಗೆ, ಅಲ್ಲಿ ಟ್ಯೂಬ್‌ಲೈಟ್ ಬಿಟ್ಟರೆ ಬೇರೆ ಬೆಳಕಿಲ್ಲ. ಬಾಗಿಲು ಪೂರ್ವಕ್ಕಿದ್ದು ಕಿಟಕಿಗಳೆಲ್ಲ ಪಶ್ಚಿಮಕ್ಕಿರುವ ಫ್ಲ್ಯಾಟುಗಳು ಬೇಕಾದಷ್ಟಿವೆ. ಬೆಳಕಿನ ಬಗ್ಗೆ ಹೇಳಬೇಕೆಂದರೆ ಬಾಗಿಲನ್ನು ಬಿಟ್ಟು, ಯಾವ ಕೋಣೆಯ ಯಾವ ಕಿಟಕಿ ಯಾವ ದಿಕ್ಕಿಗಿದೆ ಎಂದು ಹೇಳಬೇಕು. ದಿಕ್ಕು ನೋಡಲು ಫೋನಿನ ಕಂಪಾಸ್ ಸಾಕು. ಆದರೆ ಕಿಟಕಿಯ ಕಬ್ಬಿಣದ ಗ್ರಿಲ್‌ಗೆ ಹತ್ತಿರ ಹಿಡಿದರೆ ಅದು ತಪ್ಪು ತೋರಿಸುತ್ತದೆ, ಮೂರ್ನಾಲ್ಕು ಅಡಿ ಹಿಂದೆ ನಿಂತು ನೋಡಬೇಕು.

ದಿಕ್ಕು ಗೊತ್ತಾದರೆ ವರ್ಷದ ಬಿಸಿಲನ್ನು ಅಂದಾಜು ಮಾಡಬಹುದು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಮೇಲೆ ಆಗಸ್ಟ್ ಮಧ್ಯದವರೆಗೆ ಸ್ವಲ್ಪ ಉತ್ತರಕ್ಕೆ ಸರಿದಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂಬ ಮಾತು ಹಾಗಾಗಿ ಇಲ್ಲಿ ಪೂರ್ತಿ ನಿಜವಲ್ಲ. ಮೇ, ಜೂನ್, ಜುಲೈಯಲ್ಲಿ ಬೆಳಿಗ್ಗೆ ಸಂಜೆ ಓರೆ ಬಿಸಿಲು ಬರಬಹುದು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕಿಳಿದು, ನಡುಹಗಲಲ್ಲೂ ಸುಮಾರು 54 ಡಿಗ್ರಿಯಷ್ಟೇ ಮೇಲೇರುತ್ತಾನೆ. ದಕ್ಷಿಣದ ಕಿಟಕಿ ತೆರೆದ ಜಾಗಕ್ಕಿದ್ದರೆ ಆಗ ಬಿಸಿಲು ಕೋಣೆಯೊಳಗೆ ಕಾಲಿಡುತ್ತದೆ, ಚಳಿಗಾಲಕ್ಕೆ ಅದು ಹಿತ. ಪಶ್ಚಿಮದ ಕಿಟಕಿಯದು ಬೇರೆ ಕತೆ. ಇಳಿಹೊತ್ತಿನ ಬಿಸಿಲು ಅಡ್ಡಡ್ಡ ಬರುವುದರಿಂದ ಕಿಟಕಿ ಮೇಲಿನ ಸಜ್ಜಾ ಅದನ್ನು ತಡೆಯಲಾರದು. ಮಾರ್ಚ್ ಏಪ್ರಿಲ್‌ನಲ್ಲಿ ಅಂಥ ಕೋಣೆಯ ಗೋಡೆ ರಾತ್ರಿ ಮುಟ್ಟಿದರೂ ಬೆಚ್ಚಗಿರುತ್ತದೆ.

ಆದರೆ ದಿಕ್ಕಿನಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚು ಮುಖ್ಯವಾದದ್ದು ಕಿಟಕಿಯ ಎದುರಿಗೆ ಏನಿದೆ ಎಂಬುದು. ಸಣ್ಣ ಸೈಟುಗಳ ಬಡಾವಣೆಯಲ್ಲಿ ಪಕ್ಕದ ಮನೆಯ ಗೋಡೆ ನಾಲ್ಕೈದು ಅಡಿ ದೂರದಲ್ಲೇ ನಿಂತಿರುತ್ತದೆ. ಕೋಣೆಯ ಮಧ್ಯೆ ನಿಂತಾಗ ಕಿಟಕಿಯಲ್ಲಿ ಆಕಾಶ ಕಾಣುತ್ತದೆಯೇ, ಅಥವಾ ಕಿಟಕಿಗೆ ಮುಖ ಒತ್ತಿ ಮೇಲೆ ನೋಡಿದರೆ ಮಾತ್ರ ಕಾಣುತ್ತದೆಯೇ? ಈ ಒಂದು ಪ್ರಶ್ನೆಯ ಉತ್ತರ ಎಷ್ಟೋ ಫೋಟೊಗಳಿಗೆ ಸಮ. ಆಕಾಶ ಕಾಣುವ ಕಿಟಕಿಯ ಬೆಳಕು ಒಳಗೆ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಕಟ್ಟಡ ಕಟ್ಟುವವರು ಒಂದು ಅಂದಾಜು ಹೇಳುತ್ತಾರೆ: ನೆಲದಿಂದ ಕಿಟಕಿಯ ಮೇಲಂಚಿಗೆ ಎಷ್ಟು ಎತ್ತರವೋ ಅದರ ಒಂದೂವರೆಯಿಂದ ಎರಡು ಪಟ್ಟು. ಮೇಲಂಚು ಏಳಡಿಗಿದ್ದರೆ ಹತ್ತರಿಂದ ಹದಿನಾಲ್ಕಡಿ. ಅದರಾಚೆಗಿನ ಊಟದ ಮೇಜಿಗೆ ಹಗಲಲ್ಲೂ ದೀಪ ಬೇಕಾಗಬಹುದು.

ಇನ್ನು ಉಳಿದದ್ದು ಹೊತ್ತು. ವಿಜಯನಗರದ ಮನೆಯಲ್ಲಿ ಆ ಶಿಕ್ಷಕಿ ಮಾಡಬೇಕಾದದ್ದು ಬಹಳ ಸರಳ. ದಿನಪತ್ರಿಕೆಯೊಂದನ್ನು ಹಿಡಿದು ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಪ್ರತಿ ಕೋಣೆಯ ನಡುವೆ ನಿಲ್ಲುವುದು. ದೀಪ ಆರಿಸಿ, ಪರದೆ ಸರಿಸಿ, ಸಣ್ಣ ಅಕ್ಷರ ಓದಲು ಬರುತ್ತದೋ ಇಲ್ಲವೋ ನೋಡಿ ಬರೆದುಕೊಳ್ಳುವುದು. ಹಾಲ್‌ನ ಕಿಟಕಿ ಪೂರ್ವಕ್ಕೆ, ರಸ್ತೆಯ ಕಡೆಗೆ. ಅಲ್ಲಿ ಮೂರು ಹೊತ್ತೂ ಓದಬಹುದು. ಬೆಳಗಿನ ಬಿಸಿಲು ಒಳಗೆ ಬಂದು, ಒಂಬತ್ತೂವರೆಯ ಸುಮಾರಿಗೆ ಬಾಲ್ಕನಿಗೆ ಹಿಂದೆಗೆಯುತ್ತದೆ. ಸಣ್ಣ ಮಲಗುವ ಕೋಣೆಯ ಕಿಟಕಿ ಉತ್ತರಕ್ಕೆ. ಎದುರಿಗೆ ಐದಡಿ ದೂರದಲ್ಲಿ ಅಷ್ಟೇ ಎತ್ತರದ ಗೋಡೆ. ಒಂಬತ್ತಕ್ಕೂ ಹನ್ನೆರಡಕ್ಕೂ ಓದಲು ತೊಂದರೆಯಿಲ್ಲ, ನಾಲ್ಕಕ್ಕೆ ಆಗುವುದಿಲ್ಲ. ದೊಡ್ಡ ಕೋಣೆಯ ಕಿಟಕಿ ಪಶ್ಚಿಮಕ್ಕೆ, ಹಿಂದಿನ ಮನೆ ಬರೀ ನೆಲಮಹಡಿ. ಹಾಗಾಗಿ ಗಾಳಿ ಧಾರಾಳ, ಬಿಸಿಲೂ ಧಾರಾಳ. ಎಲ್ಲಕ್ಕಿಂತ ಮೇಲಿನ ಮಹಡಿಯಾದ್ದರಿಂದ ತಾರಸಿ ಕಾದು ಬೇಸಿಗೆಯ ಸಂಜೆ ಆ ಕೋಣೆ ಇನ್ನಷ್ಟು ಬಿಸಿಯಾಗುತ್ತದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಂದು ಒಂದು ವಾರ ಇದ್ದವರಿಗೆ ತಾನಾಗಿಯೇ ಗೊತ್ತಾಗುವ ಸಂಗತಿ ಅದು.

ಬೆಳಕಿನ ನಂತರ ಗೋಡೆಗಳು. ಮನೆಯ ಸ್ಥಿತಿ ಹೇಳುವಾಗ ‘ಚೆನ್ನಾಗಿ ಇಟ್ಟುಕೊಂಡಿದ್ದಾರೆ’ ಎನ್ನುವುದು ವಾಡಿಕೆ. ಕೇಳುವವರಿಗೆ ಬೇಕಾದದ್ದು ಬಣ್ಣ ಹೊಡೆದು ಎಷ್ಟು ವರ್ಷವಾಯಿತು, ತೇವ ಎಲ್ಲಿದೆ, ಅದು ಹಳೆಯದೋ ಈಗಲೂ ಇದೆಯೋ ಎಂಬುದು. ಈ ಮನೆಯ ದೊಡ್ಡ ಕೋಣೆಯಲ್ಲಿ ಕಿಟಕಿಯ ಕೆಳಗೆ ಎರಡು ಗೇಣಿನಷ್ಟು ಜಾಗದಲ್ಲಿ ಬಣ್ಣ ಉಬ್ಬಿದೆ, ಬೆರಳಲ್ಲಿ ತಿಕ್ಕಿದರೆ ಬಿಳಿ ಪುಡಿ ಉದುರುತ್ತದೆ. ಆ ಪುಡಿ ಉಪ್ಪು. ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣ ನೀರಿನಲ್ಲಿ ಕರಗಿ ಮೇಲ್ಮೈಗೆ ಬಂದು, ನೀರು ಆರಿದ ಮೇಲೆ ಅಲ್ಲೇ ಉಳಿಯುತ್ತದೆ. ಅಂದರೆ ಗೋಡೆಯ ಮೂಲಕ ನೀರು ಹಾದುಬಂದಿದೆ ಎಂಬುದಕ್ಕೆ ಅದು ಸಾಕ್ಷಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿ ಮುಖ್ಯವಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ, ಬೇರೆ ಕಟ್ಟಡದ ಮರೆಯಿಲ್ಲದ ಪಶ್ಚಿಮದ ಗೋಡೆಗೆ ಎರಚಲು ಹೆಚ್ಚು. ಹೊರಗೆ ಗಾರೆಯಲ್ಲಿ ಕೂದಲೆಳೆಯಂಥ ಬಿರುಕಿದ್ದರೂ ಅಷ್ಟು ಸಾಕು.

ಕಲೆ ಎಲ್ಲಿದೆ ಎನ್ನುವುದರಿಂದ ನೀರಿನ ದಾರಿ ಗೊತ್ತಾಗುತ್ತದೆ. ಕಿಟಕಿಯ ಕೆಳಗಿದ್ದರೆ ಮಳೆ. ಸ್ನಾನದ ಮನೆಗೆ ಅಂಟಿದ ಗೋಡೆಯಲ್ಲಿ, ಮಳೆಯಿಲ್ಲದ ಫೆಬ್ರವರಿಯಲ್ಲೂ ಹಸಿಯಾಗಿದ್ದರೆ ಒಳಗಿನ ಪೈಪು. ಸೀಲಿಂಗಿನಲ್ಲಿ ಕಂದು ಅಂಚಿನ ಉಂಗುರದಂತಿದ್ದರೆ ತಾರಸಿ ಅಥವಾ ಮೇಲಿನವರ ಬಚ್ಚಲು. ನೆಲಮಹಡಿಯಲ್ಲಿ ಬುಡದಿಂದ ಎರಡು ಮೂರಡಿ ಎತ್ತರಕ್ಕೆ ಸಾಲಾಗಿ ಬಣ್ಣ ಎದ್ದಿದ್ದರೆ ನೆಲದ ತೇವ ಏರುತ್ತಿದೆ, ಅದು ಬಣ್ಣ ಹೊಡೆದರೆ ಹೋಗುವಂಥದ್ದಲ್ಲ.

ಈಗಲೂ ತೇವ ಇದೆಯೋ ಇಲ್ಲವೋ ಎಂದು ನೋಡಲು ಹಳೆಯ ಉಪಾಯವೊಂದಿದೆ. ಅಂಗೈ ಎರಡರಷ್ಟು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಬೇಕು. ಒಂದೆರಡು ದಿನ ಬಿಟ್ಟು ನೋಡಿದಾಗ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿಗಟ್ಟಿದ್ದರೆ ನೀರು ಗೋಡೆಯೊಳಗಿದೆ. ಹೊರಮೈಯಲ್ಲಿ ಹನಿಯಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಕಡಿಮೆಯಾಗುತ್ತದೆ. ಎರಡೂ ಕಡೆ ಒಣಗಿದ್ದರೆ ಆ ಹೊತ್ತಿಗೆ ಗೋಡೆ ಒಣಗಿದೆ ಎಂದಷ್ಟೇ ಅರ್ಥ. ಬೇಸಿಗೆಯಲ್ಲಿ ಮಾಡಿದ ಈ ಪರೀಕ್ಷೆ ಮಳೆಗಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಾಗಿ ಬರೆಯುವಾಗ ‘ತೇವ ಇಲ್ಲ’ ಎನ್ನುವುದಕ್ಕಿಂತ ‘ಹೋದ ಮಳೆಗಾಲದಲ್ಲಿ ಇತ್ತು, ಹೊರಗಿನ ಬಿರುಕು ಮುಚ್ಚಿಸಿದ್ದೇವೆ, ಆಮೇಲೆ ಇನ್ನೂ ದೊಡ್ಡ ಮಳೆ ಬಂದಿಲ್ಲ’ ಎನ್ನುವುದು ನಿಜಕ್ಕೆ ಹತ್ತಿರ.

ಇದು ಬರೀ ಒಳ್ಳೆಯತನದ ಮಾತಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣ ಬಾಡಿಗೆಗೆ ಕೊಡುವವರ ಮತ್ತು ಪಡೆಯುವವರ ಹೊಣೆಗಳನ್ನು ಹೇಳುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ಮನೆಯ ಬಳಕೆಗೆ ಅಡ್ಡಿಯಾಗುವಂಥ ದೋಷ ಮಾಲೀಕರಿಗೆ ಗೊತ್ತಿದ್ದು, ಬಾಡಿಗೆದಾರರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂತಿದ್ದರೆ, ಅದನ್ನು ತಿಳಿಸುವುದು ಮಾಲೀಕರ ಕರ್ತವ್ಯ. ಹೊಸ ಬಣ್ಣದ ಹಿಂದೆ ಅಡಗಿದ ಸೋರಿಕೆ ಇಂಥ ದೋಷವೇ. ಬಾಡಿಗೆದಾರರ ಕಡೆಯಿಂದ, ಬಳಕೆಯಿಂದ ಸಹಜವಾಗಿ ಆಗುವ ಸವೆತ ಬಿಟ್ಟು ಉಳಿದಂತೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು. ಪಡೆದ ಸ್ಥಿತಿ ಯಾವುದಿತ್ತು ಎಂಬುದು ಎಲ್ಲೂ ಬರೆದಿಲ್ಲದಿದ್ದಾಗ ಬಿಡುವ ದಿನ ಮುಂಗಡದ ಹಣದ ಮೇಲೆ ಜಗಳ ಬೀಳುತ್ತದೆ.

ನೆಲಕ್ಕೆ ಇಷ್ಟು ಹೊತ್ತು ಬೇಡ. ಬೆರಳ ಗೆಣ್ಣಿನಿಂದ ಟೈಲ್ಸ್ ಬಡಿದಾಗ ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಬಿಟ್ಟಿದೆ, ಭಾರ ಬಿದ್ದರೆ ಒಡೆಯಬಹುದು. ಎಷ್ಟು ಟೈಲ್ಸ್, ಯಾವ ಮೂಲೆಯಲ್ಲಿ ಎಂದು ಬರೆದರಾಯಿತು.

ಫಿಟ್ಟಿಂಗ್ಸ್ ವಿಷಯಕ್ಕೆ ಬಂದರೆ ‘ಸೆಮಿ ಫರ್ನಿಷ್ಡ್’ ಎಂಬುದಕ್ಕೆ ನಿಶ್ಚಿತ ಅರ್ಥವೇ ಇಲ್ಲ. ಒಬ್ಬರಿಗೆ ಅದು ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಕಪಾಟು, ಇನ್ನೊಬ್ಬರಿಗೆ ಫ್ಯಾನು, ಲೈಟು, ಗೀಸರ್ ಕೂಡ ಸೇರಿದ್ದು. ಒಡತಿ ಪಟ್ಟಿ ಮಾಡುವ ಮೊದಲು ಈಗಿನ ಬಾಡಿಗೆದಾರರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದರಲ್ಲಿ ನಿಮ್ಮದು ಯಾವುದು? ಪರದೆಯ ಸರಳು, ಹಾಲ್‌ನ ಫ್ಯಾನು, ಸ್ನಾನದ ಮನೆಯ ಗೀಸರ್ ಎಷ್ಟೋ ಸಲ ಅವರೇ ಹಾಕಿಸಿಕೊಂಡಿರುತ್ತಾರೆ, ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾರೆ. ಹಳೆಯ ಫೋಟೊ ಇದ್ದಿದ್ದರೂ ಈ ವಿಷಯದಲ್ಲಿ ದಾರಿ ತಪ್ಪಿಸುತ್ತಿತ್ತು.

ಇದ್ದದ್ದನ್ನು ಹೇಳುವಾಗ ಹೆಸರಿನ ಜೊತೆ ಅಳತೆ ಮತ್ತು ನಡೆಯುತ್ತದೆಯೋ ಇಲ್ಲವೋ ಎಂಬುದು ಬರಬೇಕು. ‘ಗೀಸರ್ ಇದೆ’ ಎಂದರೆ ಮೂರು ಲೀಟರಿನ ಇನ್‌ಸ್ಟಂಟೋ ಹದಿನೈದು ಲೀಟರಿನದೋ ಗೊತ್ತಾಗುವುದಿಲ್ಲ. ನಾಲ್ಕು ಜನರ ಸಂಸಾರಕ್ಕೆ ಆ ವ್ಯತ್ಯಾಸ ದೊಡ್ಡದು. ಗೀಸರ್ ಇಲ್ಲದೆ ಬರೀ ಪಾಯಿಂಟ್ ಇದ್ದರೆ ಅದು ದೊಡ್ಡ ಪಿನ್ನಿನ ಹದಿನೈದು ಆಂಪ್ಸ್ ಸಾಕೆಟ್ಟೇ ಎಂದು ನೋಡಬೇಕು. ಎರಡು ಕಿಲೋವಾಟ್‌ನ ಗೀಸರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ, ಐದು ಆಂಪ್ಸ್‌ನ ಸಣ್ಣ ಸಾಕೆಟ್ ಅದಕ್ಕೆ ಅಪಾಯ. ವಾಷಿಂಗ್ ಮಷೀನಿಗೆ ಜಾಗವಿದೆ ಎನ್ನುವಾಗಲೂ ಅಷ್ಟೇ. ನೀರಿನ ನಲ್ಲಿ, ನೀರು ಹೋಗುವ ಕಿಂಡಿ, ಸಾಕೆಟ್ ಈ ಮೂರೂ ಒಂದೇ ಕಡೆ ಇದ್ದರೆ ಮಾತ್ರ ಅದು ಮಷೀನಿನ ಜಾಗ. ಒಂದು ಕಡಿಮೆಯಾದರೂ ಅದು ಬರೀ ಖಾಲಿ ಮೂಲೆ.

ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ ಎಂಬುದನ್ನು ಯಾವ ಫೋಟೊ ತೋರಿಸೀತು? ಮೇಲಿನ ಮಹಡಿಯಲ್ಲಿ ಇದು ಮುಖ್ಯ. ಟ್ಯಾಂಕು ತಲೆಯ ಮೇಲೇ ಇದ್ದರೂ ನಲ್ಲಿಗೂ ಅದಕ್ಕೂ ಎತ್ತರದ ಅಂತರ ಕಡಿಮೆಯಾದ್ದರಿಂದ ಒತ್ತಡ ಕಡಿಮೆ, ನೆಲಮಹಡಿಯಲ್ಲಿ ಹೆಚ್ಚು. ಶವರ್ ಜೋರಾಗಿ ಬರದಿರಬಹುದು, ಕೆಲವು ಆಟೊಮ್ಯಾಟಿಕ್ ಮಷೀನುಗಳು ನೀರು ಸಾಲದೆ ನಿಂತುಬಿಡಬಹುದು. ಹತ್ತು ಲೀಟರಿನ ಬಕೆಟ್ ಇಟ್ಟು ನಲ್ಲಿ ಪೂರ್ತಿ ತಿರುಗಿಸಿ ಗಡಿಯಾರ ನೋಡಿದರೆ ಸಾಕು. ಈ ಮನೆಯಲ್ಲಿ ಬಕೆಟ್ ತುಂಬಲು ಒಂದೂವರೆ ನಿಮಿಷ ಬೇಕು. ನೀರು ಕಾವೇರಿಯೋ ಬೋರೋ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕೋ, ಅದರ ದುಡ್ಡು ಯಾರದು ಎಂಬುದೂ ಇದೇ ಜಾಗದಲ್ಲಿ ಬರಬೇಕು. ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟಿದ್ದರೆ ನೀರು ಗಡಸು, ಗೀಸರಿನ ಕಾಯಿಲ್ ಬೇಗ ಹಾಳಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಬರೆಯುವುದು ಒಂದು ವಾಟ್ಸ್ಆ್ಯಪ್ ಸಂದೇಶಕ್ಕೆ ಹಿಡಿಯುವಷ್ಟೇ ಇರಲಿ. ಬಾಗಿಲಿನಿಂದ ಒಳಗೆ ನಡೆದುಬಂದ ಹಾಗೆ ಕೋಣೆಯಿಂದ ಕೋಣೆಗೆ ಹೋದರೆ ಓದುವವರ ಮನಸ್ಸಿನಲ್ಲಿ ಮನೆ ತಾನಾಗಿ ಮೂಡುತ್ತದೆ. ವಿಜಯನಗರದ ಮನೆಯದು ಹೀಗಿರಬಹುದು:

‘ಎರಡನೇ ಮಹಡಿ, ಲಿಫ್ಟ್ ಇಲ್ಲ. ಹಳೆಯ ಫೋಟೊ ಕಳೆದಿದೆ, ಈಗ ಬಾಡಿಗೆದಾರರು ಇದ್ದಾರೆ, ಅದಕ್ಕೆ ಬರೆದು ತಿಳಿಸುತ್ತಿದ್ದೇವೆ. ಹಾಲ್ 11 ಅಡಿಗೆ 14 ಅಡಿ, ಪೂರ್ವಕ್ಕೆ ದೊಡ್ಡ ಕಿಟಕಿ ಮತ್ತು ಬಾಲ್ಕನಿ, ಬೆಳಗಿನ ಬಿಸಿಲು ಬರುತ್ತದೆ, ಸಂಜೆವರೆಗೆ ಲೈಟ್ ಬೇಡ. ಅಡುಗೆಮನೆ 8 ಅಡಿಗೆ 8, ಗ್ರಾನೈಟ್ ಕಟ್ಟೆ, ಸ್ಟೀಲ್ ಸಿಂಕ್, ಕೆಳಗೆ ಕಪಾಟು, ಒಂದು ಬಾಗಿಲಿನ ಕೀಲು ಸಡಿಲ, ಸರಿಮಾಡಿಸಿ ಕೊಡುತ್ತೇವೆ. ದೊಡ್ಡ ರೂಮ್ 10 ಅಡಿಗೆ 12, ಕಿಟಕಿ ಪಶ್ಚಿಮಕ್ಕೆ, ಗಾಳಿ ಚೆನ್ನಾಗಿದೆ, ಮಾರ್ಚ್ ಏಪ್ರಿಲ್ ಸಂಜೆ ಸೆಕೆ. ಕಿಟಕಿ ಕೆಳಗೆ ಹೋದ ಮಳೆಗಾಲದ ತೇವದ ಕಲೆ ಇದೆ, ಹೊರಗೆ ರಿಪೇರಿ ಆಗಿದೆ. ಸಣ್ಣ ರೂಮ್ 9 ಅಡಿಗೆ 10, ಕಿಟಕಿ ಉತ್ತರಕ್ಕೆ, ಪಕ್ಕದ ಗೋಡೆ 5 ಅಡಿ ದೂರ, ನಾಲ್ಕು ಗಂಟೆ ಮೇಲೆ ಲೈಟ್ ಬೇಕು. ಎರಡೂ ರೂಮಲ್ಲಿ ವಾರ್ಡ್‌ರೋಬ್, ಮೇಲೆ ಅಟ್ಟ. ಒಂದೇ ಸ್ನಾನದ ಮನೆ, 15 ಲೀಟರ್ ಗೀಸರ್, ನಡೆಯುತ್ತಿದೆ, ಮೂರು ಟೈಲ್ಸ್ ಟೊಳ್ಳು. ನೀರಿನ ಒತ್ತಡ ಕಡಿಮೆ, ಬಕೆಟ್ ತುಂಬಲು ಒಂದೂವರೆ ನಿಮಿಷ. ಫ್ಯಾನ್ ಮೂರು ನಮ್ಮದು. ಬಣ್ಣ ಹೊಡೆದು ಮೂರು ವರ್ಷ.’

ಇದನ್ನು ಓದಿದವರು ಕೇಳುವ ಪ್ರಶ್ನೆಗಳ ಮಟ್ಟವೇ ಬದಲಾಗುತ್ತದೆ. ಧಾರವಾಡದಿಂದ ಕರೆ ಮಾಡಿದವರು ‘ಮನಿ ಹೆಂಗೈತ್ರೀ?’ ಎಂದು ಕೇಳುವುದಿಲ್ಲ. ‘ಮೇಡಂ, ನಾ ಮನ್ಯಾಗ ಕುಂತು ಕೆಲಸ ಮಾಡಾಂವ. ಸಣ್ಣ ರೂಮಿನಾಗ ಮುಂಜಾನೆ ಲೈಟ್ ಹಚ್ಚಬೇಕೇನ್ರೀ?’ ಎಂದು ಕೇಳುತ್ತಾರೆ. ‘ಮಧ್ಯಾಹ್ನದವರೆಗೆ ಬೇಡ ಸಾರ್, ನಾನೇ ಪೇಪರ್ ಓದಿ ನೋಡಿದೀನಿ. ಟೇಬಲ್ ಮಾತ್ರ ಕಿಟಕಿ ಹತ್ತಿರಾನೇ ಹಾಕ್ಕೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೆಕೆ ಆಗದವರು, ಮೆಟ್ಟಿಲು ಹತ್ತಲಾಗದ ತಂದೆ ತಾಯಿ ಇರುವವರು ಕರೆ ಮಾಡುವುದೇ ಇಲ್ಲ. ಅದರಿಂದ ಇಬ್ಬರ ಹೊತ್ತೂ ಉಳಿಯುತ್ತದೆ, ಬಸ್ ಚಾರ್ಜೂ ಉಳಿಯುತ್ತದೆ.

ಈ ಬರಹಕ್ಕೆ ಮನೆ ಸಿಕ್ಕ ಮೇಲೂ ಕೆಲಸವಿದೆ. ಬೆಂಗಳೂರಿನ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದು, ಯಾಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಅಧಿನಿಯಮದ ಪ್ರಕಾರ ನೋಂದಾಯಿಸಲೇಬೇಕು. ಆ ಕರಾರಿನ ಕೊನೆಯಲ್ಲಿ ಫಿಟ್ಟಿಂಗ್ಸ್ ಪಟ್ಟಿಗೆ ಜಾಗವಿರುತ್ತದೆ, ಅಲ್ಲಿ ‘ಫ್ಯಾನ್ 3, ಗೀಸರ್ 1’ ಎಂದು ಬರೆದು ಮುಗಿಸುವುದೇ ಹೆಚ್ಚು. ಅದರ ಬದಲು ಇದೇ ವಿವರಣೆಯನ್ನು ಮುದ್ರಿಸಿ, ಬೀಗದ ಕೈ ಕೊಡುವ ದಿನ ಇಬ್ಬರೂ ಕೋಣೆಯಿಂದ ಕೋಣೆಗೆ ಹೋಗಿ ಓದಿ, ತಪ್ಪಿದ್ದಲ್ಲಿ ತಿದ್ದಿ, ಕೆಳಗೆ ಸಹಿ ಮಾಡಬಹುದು. ಬೆಸ್ಕಾಂ ಮೀಟರಿನ ಅವತ್ತಿನ ರೀಡಿಂಗ್ ಅಲ್ಲೇ ಬರೆಯಬಹುದು. ಪಶ್ಚಿಮದ ಗೋಡೆಯ ಕಲೆಯ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಹಾಕಿದರೆ, ಮುಂದಿನ ಅಕ್ಟೋಬರಿನಲ್ಲಿ ಕಲೆ ಗೆರೆ ದಾಟಿದೆಯೋ ಇಲ್ಲವೋ ನೋಡಿ, ಹೊರಗೆ ಮಾಡಿಸಿದ ರಿಪೇರಿ ಹಿಡಿದಿದೆಯೋ ಮತ್ತೆ ಗಾರೆಯವರನ್ನು ಕರೆಸಬೇಕೋ ಎಂದು ಇಬ್ಬರೂ ಕೂಡಿ ತೀರ್ಮಾನಿಸಬಹುದು.